ಪರಮಾಣು ತ್ಯಾಜ್ಯದ ಸೆಮಿನಾರ್ ವರದಿ: ಮುನ್ನೂರು ವರ್ಷದ ಲೆಕ್ಕದಿಂದ ಶುರು ಮಾಡಿ

ಪ್ರಶ್ನೆ: ಮೇಡಂ, ಪರಮಾಣು ತ್ಯಾಜ್ಯದ ಮೇಲೆ ಐದಾರು ಪುಟದ ಸೆಮಿನಾರ್ ವರದಿ ಬರೆಯಬೇಕು. ತ್ಯಾಜ್ಯದ ವರ್ಗಗಳು, ಇಡುವ ವಿಧಾನಗಳು, ದೀರ್ಘಕಾಲದ ಅಪಾಯ ಮೂರೂ ಇರಬೇಕು, ಯಾವ ಕಡೆಗೂ ವಾಲಬಾರದು ಅಂದಿದ್ದಾರೆ. ಆದರೆ ಓದಿದ ಕಡೆಯೆಲ್ಲ ಒಬ್ಬರು "ಏನೂ ಭಯವಿಲ್ಲ" ಅಂತಾರೆ, ಇನ್ನೊಬ್ಬರು "ಲಕ್ಷ ವರ್ಷ ವಿಷ" ಅಂತಾರೆ. ಎಲ್ಲಿಂದ ಶುರು ಮಾಡಲಿ?

ಉತ್ತರ: ಮೂರನ್ನೂ ಮೂರು ಬೇರೆ ಬೇರೆ ಅಧ್ಯಾಯ ಮಾಡಿ ಬರೆಯಬೇಡಿ. ಹಾಗೆ ಬರೆದರೆ ವರದಿ ಸುಮ್ನೆ ಪಟ್ಟಿಯಾಗಿಬಿಡುತ್ತದೆ. ತ್ಯಾಜ್ಯ ಯಾವ ವರ್ಗದ್ದು ಅಂತ ಸರಿಯಾಗಿ ಅರ್ಥವಾದರೆ ಅದನ್ನು ಎಲ್ಲಿ ಇಡಬೇಕು ಅನ್ನೋದು ತಾನಾಗಿ ಹೊಳೆಯುತ್ತದೆ. ಎಲ್ಲಿ ಇಟ್ಟಿದ್ದಾರೆ ಅಂತ ಗೊತ್ತಾದರೆ ಅಲ್ಲಿ ಏನು ಕೆಡಬಹುದು ಅನ್ನೋದೂ ಹೊಳೆಯುತ್ತದೆ. ಎಲ್ಲದಕ್ಕೂ ಬುಡದಲ್ಲಿರುವುದು ಎರಡೇ ಪ್ರಶ್ನೆ: ಈಗ ಎಷ್ಟು ವಿಕಿರಣ ಸೂಸುತ್ತಿದೆ? ಎಷ್ಟು ಕಾಲ ಸೂಸುತ್ತದೆ?

ಅಂತರರಾಷ್ಟ್ರೀಯ ಪರಮಾಣು ಶಕ್ತಿ ಸಂಸ್ಥೆ 2009ರಲ್ಲಿ ಕೊಟ್ಟ ವರ್ಗೀಕರಣದಲ್ಲಿ ಆರು ವರ್ಗಗಳಿವೆ. ಮೊದಲನೆಯದು ವಿಕಿರಣತೆ ಎಷ್ಟು ಕಡಿಮೆ ಅಂದರೆ ನಿಯಂತ್ರಣವೇ ಬೇಡದ ವಸ್ತು. ಎರಡನೆಯದು ಬೇಗ ಆರಿಹೋಗುವ ತ್ಯಾಜ್ಯ. ಥೈರಾಯ್ಡ್ ಚಿಕಿತ್ಸೆಗೆ ಬಳಸುವ ಅಯೋಡಿನ್-131 ಇದಕ್ಕೆ ಒಳ್ಳೆಯ ಉದಾಹರಣೆ. ಅದರ ಅರ್ಧಾಯು, ಅಂದರೆ ಇದ್ದದ್ದರಲ್ಲಿ ಅರ್ಧ ಕ್ಷಯಿಸಲು ಬೇಕಾದ ಕಾಲ, ಎಂಟು ದಿನ. ಎಂಬತ್ತು ದಿನ ಬೀಗ ಹಾಕಿದ ಕೋಣೆಯಲ್ಲಿ ಇಟ್ಟರೆ ಸಾವಿರದಲ್ಲಿ ಒಂದು ಭಾಗ ಉಳಿಯುತ್ತದೆ. ಆಮೇಲೆ ಅಳೆದು ನೋಡಿ, ಮಿತಿಯೊಳಗಿದ್ದರೆ ಮಾಮೂಲಿ ಕಸದ ಜೊತೆ ಕಳಿಸಬಹುದು. ಮೂರನೆಯದು ಅತಿ ಕೆಳಮಟ್ಟದ ತ್ಯಾಜ್ಯ. ಕಳಚಿದ ಸ್ಥಾವರದ ಕಾಂಕ್ರೀಟು, ಮಣ್ಣು ಇಂಥವು. ಈ ಮೂರಕ್ಕೂ ಸೇರಿ ವರದಿಯಲ್ಲಿ ಒಂದು ಪ್ಯಾರಾ ಸಾಕು.

ಜಾಗ ಕೊಡಬೇಕಾದದ್ದು ಉಳಿದ ಮೂರಕ್ಕೆ: ಕೆಳಮಟ್ಟ, ಮಧ್ಯಮಮಟ್ಟ, ಉನ್ನತಮಟ್ಟ. ಕೈಗವಸು, ಬಟ್ಟೆ, ಫಿಲ್ಟರು, ಉಪಕರಣ ಎಲ್ಲ ಕೆಳಮಟ್ಟದ್ದು. ನೀರು ಶುದ್ಧಮಾಡುವ ರೆಸಿನ್, ರಿಯಾಕ್ಟರ್ ಒಳಗಿನ ಲೋಹದ ಭಾಗಗಳು, ಇಂಧನ ಕಡ್ಡಿಯ ಖಾಲಿ ಹೊದಿಕೆಗಳು ಮಧ್ಯಮಮಟ್ಟದ್ದು. ಬಳಸಿ ತೆಗೆದ ಇಂಧನ ಅಥವಾ ಅದನ್ನು ಕರಗಿಸಿ ಸಂಸ್ಕರಿಸಿದಾಗ ಉಳಿಯುವ ದ್ರವ ಉನ್ನತಮಟ್ಟದ್ದು. ಸಾಮಾನ್ಯವಾಗಿ ಕೊಡುವ ಅಂದಾಜಿನ ಪ್ರಕಾರ ಗಾತ್ರದಲ್ಲಿ ಸುಮಾರು ಶೇ 90 ಕೆಳಮಟ್ಟದ್ದು, ಆದರೆ ಒಟ್ಟು ವಿಕಿರಣತೆಯಲ್ಲಿ ಅದರ ಪಾಲು ಶೇ 1 ಮಾತ್ರ. ಉನ್ನತಮಟ್ಟದ್ದು ಗಾತ್ರದಲ್ಲಿ ಶೇ 3, ವಿಕಿರಣತೆಯಲ್ಲಿ ಶೇ 95. ಈ ಅಂಕಿಗಳನ್ನು ಬಳಸಿ, ಆದರೆ ಜೊತೆಗೆ ಒಂದು ವಾಕ್ಯ ಸೇರಿಸಿ. ಫಿನ್ಲೆಂಡ್ ಬಳಸಿದ ಇಂಧನವನ್ನೇ ತ್ಯಾಜ್ಯ ಅಂತ ಲೆಕ್ಕ ಹಾಕುತ್ತದೆ. ಫ್ರಾನ್ಸ್ ಅದನ್ನು ಮತ್ತೆ ಬಳಸಬಹುದಾದ ಸಾಮಗ್ರಿ ಅಂತ ಪಕ್ಕಕ್ಕಿಡುತ್ತದೆ. ಹಾಗಾಗಿ ಎರಡು ದೇಶದ ತ್ಯಾಜ್ಯದ ಮೊತ್ತವನ್ನು ಅಕ್ಕಪಕ್ಕ ಇಟ್ಟು ಹೋಲಿಸಿದರೆ ಲೆಕ್ಕ ದಾರಿ ತಪ್ಪುತ್ತದೆ. ಸೆಮಿನಾರ್ ವರದಿಗಳಲ್ಲಿ ನಾನು ಜಾಸ್ತಿ ನೋಡುವ ತಪ್ಪು ಇದೇ.

ಈಗ ಲೆಕ್ಕಕ್ಕೆ ಬರೋಣ. ಕೆಳಮಟ್ಟದ ತ್ಯಾಜ್ಯವನ್ನು ಡ್ರಮ್ಮುಗಳಲ್ಲಿ ತುಂಬಿ, ನೆಲದ ಮೇಲ್ಮೈಗೆ ಹತ್ತಿರದಲ್ಲೇ ಕಾಂಕ್ರೀಟ್ ಕೋಣೆಗಳಲ್ಲಿ ಇಟ್ಟು, ಮೇಲೆ ಜೇಡಿಮಣ್ಣಿನ ಹೊದಿಕೆ ಹಾಕಿ, ಸುಮಾರು ಮುನ್ನೂರು ವರ್ಷ ಕಾವಲು ಕಾಯುವ ಪದ್ಧತಿ ಹಲವು ದೇಶಗಳಲ್ಲಿದೆ. ಮುನ್ನೂರೇ ಯಾಕೆ? ಅದು ಯಾರೋ ಸುಮ್ನೆ ಆರಿಸಿದ ಸಂಖ್ಯೆ ಅಲ್ಲ. ಈ ತ್ಯಾಜ್ಯದಲ್ಲಿ ದೊಡ್ಡ ತಲೆನೋವು ಸೀಸಿಯಂ-137 ಮತ್ತು ಸ್ಟ್ರಾನ್ಷಿಯಂ-90. ಎರಡರ ಅರ್ಧಾಯುವೂ ಮೂವತ್ತು ವರ್ಷದ ಆಸುಪಾಸು. ಮುನ್ನೂರು ವರ್ಷ ಅಂದರೆ ಹತ್ತು ಅರ್ಧಾಯು. ಎರಡನ್ನು ಹತ್ತು ಸಲ ಗುಣಿಸಿದರೆ 1024. ಅಂದರೆ ಇಟ್ಟ ಸೀಸಿಯಂನಲ್ಲಿ ಸಾವಿರದಲ್ಲಿ ಒಂದು ಭಾಗದಷ್ಟೂ ಉಳಿಯುವುದಿಲ್ಲ. ಮುನ್ನೂರು ವರ್ಷ ಒಂದು ಬೇಲಿ, ಒಂದು ದಾಖಲೆ, ಒಂದು ಕಾವಲು ಉಳಿಸಿಕೊಳ್ಳುವುದು ಕಷ್ಟವೇ. ಆದರೂ ಮನುಷ್ಯರ ಕೈಗೆ ನಿಲುಕದ ಮಾತೇನಲ್ಲ. ಅದಕ್ಕಿಂತ ಹಳೆಯ ಕಟ್ಟಡಗಳು, ಅದಕ್ಕಿಂತ ಹಳೆಯ ಭೂಮಿ ದಾಖಲೆಗಳು ಇವತ್ತಿಗೂ ಇವೆ.

ಅದೇ ಡ್ರಮ್ಮಿನಲ್ಲಿ ಸೀಸಿಯಂ ಬದಲು ಪ್ಲುಟೋನಿಯಂ-239 ಇದ್ದರೆ? ಅದರ ಅರ್ಧಾಯು 24,100 ವರ್ಷ. ಮುನ್ನೂರು ವರ್ಷ ಕಾದರೆ ನೂರರಲ್ಲಿ ಒಂದು ಪಾಲೂ ಕಡಿಮೆಯಾಗುವುದಿಲ್ಲ. ಕಾದದ್ದು ವ್ಯರ್ಥ. ಅಮೆರಿಸಿಯಂ-241 ಇದ್ದರೆ ಅರ್ಧಾಯು 432 ವರ್ಷ, ಮುನ್ನೂರು ವರ್ಷದ ಮೇಲೂ ಶೇ 60ಕ್ಕಿಂತ ಹೆಚ್ಚು ಉಳಿದಿರುತ್ತದೆ. ಹಾಗಾಗಿ ಮೇಲ್ಮೈ ಜಾಗಕ್ಕೆ ಬರುವ ಡ್ರಮ್ಮುಗಳಲ್ಲಿ ಇಂಥ ದೀರ್ಘಾಯು ಪರಮಾಣುಗಳು ಗ್ರಾಮಿಗೆ ಇಂತಿಷ್ಟಕ್ಕಿಂತ ಜಾಸ್ತಿ ಇರಕೂಡದು ಅಂತ ಮಿತಿ ಹಾಕುತ್ತಾರೆ. ಆ ಮಿತಿ ದಾಟಿದರೆ, ಕೈಗೆ ತಣ್ಣಗಿದ್ದರೂ, ಹೊರಗೆ ವಿಕಿರಣ ಅಷ್ಟೇನೂ ಕಾಣದಿದ್ದರೂ, ಅದು ಮಧ್ಯಮಮಟ್ಟಕ್ಕೆ ಹೋಗುತ್ತದೆ. ನೂರಾರು ಮೀಟರ್ ಆಳಕ್ಕೂ ಹೋಗಬೇಕಾಗಬಹುದು. ವರ್ಗಗಳ ಅಧ್ಯಾಯದ ತಿರುಳು ಇಷ್ಟೇ. ಇಂದಿನ ವಿಕಿರಣದ ತೀವ್ರತೆ ನೋಡಿ ಮಾತ್ರ ವರ್ಗ ಹೇಳಲು ಆಗುವುದಿಲ್ಲ.

ಇಲ್ಲಿಯೇ ಒಂದು ತಪ್ಪು ಕಲ್ಪನೆಯನ್ನೂ ತೆಗೆದುಹಾಕಿ. ಅರ್ಧಾಯು ಉದ್ದ ಇದ್ದಷ್ಟೂ ಅಪಾಯ ಜಾಸ್ತಿ ಅಂತ ಬಹಳ ಜನ ಬರೆಯುತ್ತಾರೆ. ಒಂದು ಗ್ರಾಮಿನ ಲೆಕ್ಕದಲ್ಲಿ ಅದು ತಿರುವುಮುರುವು. ಬೇಗ ಆರುವ ಪರಮಾಣು ಪ್ರತಿ ಸೆಕೆಂಡಿಗೆ ಜಾಸ್ತಿ ಸಿಡಿಯುತ್ತದೆ, ಅದಕ್ಕೇ ಬೇಗ ಆರುತ್ತದೆ. ಒಂದು ಗ್ರಾಂ ಸೀಸಿಯಂ-137ರಲ್ಲಿ ಒಂದು ಸೆಕೆಂಡಿಗೆ ಆಗುವ ಕ್ಷಯ, ಒಂದು ಗ್ರಾಂ ಪ್ಲುಟೋನಿಯಂ-239ರಲ್ಲಿ ಆಗುವುದಕ್ಕಿಂತ ಸಾವಿರ ಪಟ್ಟಿಗೂ ಹೆಚ್ಚು. ಹಾಗಂತ ಪ್ಲುಟೋನಿಯಂ ಸಾಧು ಅಂತಲ್ಲ. ಅದು ಸೂಸುವ ಆಲ್ಫಾ ಕಣಗಳನ್ನು ಹೊರಗೆ ಚರ್ಮವೇ ತಡೆಯುತ್ತದೆ. ದೂಳಾಗಿ ಶ್ವಾಸಕೋಶಕ್ಕೆ ಹೋದರೆ ಮಾತ್ರ ಕಥೆ ಬೇರೆ. ಅಪಾಯ ಅಂದಾಗ ಯಾವ ಪರಮಾಣು, ಯಾವ ದಾರಿಯಲ್ಲಿ ದೇಹ ಸೇರುತ್ತದೆ ಅಂತ ಪ್ರತಿ ಸಲವೂ ಹೇಳಿ.

ಉನ್ನತಮಟ್ಟದ ತ್ಯಾಜ್ಯದಲ್ಲಿ ಮೂರನೆಯ ಪ್ರಶ್ನೆಯೊಂದು ಸೇರಿಕೊಳ್ಳುತ್ತದೆ: ಶಾಖ. ರಿಯಾಕ್ಟರ್ ನಿಂತ ಕ್ಷಣದಲ್ಲಿ ಇಂಧನ ಇನ್ನೂ ತನ್ನ ಶಕ್ತಿಯ ಶೇ 6-7ರಷ್ಟು ಶಾಖ ಕೊಡುತ್ತಿರುತ್ತದೆ. ಒಂದು ದಿನದಲ್ಲಿ ಅದು ಶೇ ಅರ್ಧಕ್ಕಿಂತ ಕೆಳಗೆ ಇಳಿಯುತ್ತದೆ. ಒಂದು ವರ್ಷದ ಮೇಲೆ ಟನ್ನಿಗೆ ಹತ್ತು ಕಿಲೋವ್ಯಾಟ್‌ನಷ್ಟು, ಹತ್ತು ವರ್ಷದ ಮೇಲೆ ಟನ್ನಿಗೆ ಒಂದರಿಂದ ಒಂದೂವರೆ ಕಿಲೋವ್ಯಾಟ್. ಅಂದರೆ ಬಕೆಟ್ಟಿನಲ್ಲಿ ನೀರು ಕಾಯಿಸುವ ಕಾಯಿಲ್‌ನಷ್ಟು, ಆದರೆ ಸ್ವಿಚ್ ಇಲ್ಲದ ಕಾಯಿಲ್. ವಿಕಿರಣ ಮಾತ್ರ ಅಷ್ಟು ಬೇಗ ಸೌಮ್ಯವಾಗುವುದಿಲ್ಲ. ಹತ್ತು ವರ್ಷ ಹಳೆಯ ಇಂಧನ ಕಟ್ಟಿನ ಮೇಲ್ಮೈಯಲ್ಲಿ ಗಂಟೆಗೆ ನೂರು ಸೀವರ್ಟ್ ಮೀರಿದ ಡೋಸ್ ಇರುತ್ತದೆ. ಸೀವರ್ಟ್ ಅಂದರೆ ದೇಹಕ್ಕೆ ತಗಲುವ ವಿಕಿರಣದ ಅಳತೆ. ಮನುಷ್ಯ ಸಾಯಲು ಐದು ಸೀವರ್ಟ್ ಸಾಕು. ಪಕ್ಕದಲ್ಲಿ ಅಡ್ಡವೇನೂ ಇಲ್ಲದೆ ನಿಂತರೆ ಕೆಲವೇ ನಿಮಿಷದ ಮಾತು.

ಹಾಗಾಗಿ ಮೊದಲು ಕೊಳ. ಇಂಧನ ಕಟ್ಟಿನ ಮೇಲೆ ಹಲವು ಮೀಟರ್ ನೀರು ನಿಲ್ಲಿಸುತ್ತಾರೆ. ನೀರು ಶಾಖವನ್ನೂ ಒಯ್ಯುತ್ತದೆ, ವಿಕಿರಣವನ್ನೂ ತಡೆಯುತ್ತದೆ. ದಡದಲ್ಲಿ ನಿಂತು ಬಗ್ಗಿ ನೋಡಬಹುದು. ಕೊಳದ ದೌರ್ಬಲ್ಯ ಅಂದರೆ ಅದಕ್ಕೆ ಪಂಪು ಬೇಕು, ವಿದ್ಯುತ್ ಬೇಕು, ನೋಡಿಕೊಳ್ಳುವ ಜನ ಬೇಕು. ಕೆಲವು ವರ್ಷ ಕಳೆದು ಶಾಖ ಇಳಿದ ಮೇಲೆ ಇಂಧನವನ್ನು ಒಣ ಕಾಸ್ಕ್‌ಗೆ, ಅಂದರೆ ನೀರಿಲ್ಲದ ದಪ್ಪ ಗೋಡೆಯ ಪೀಪಾಯಿಗೆ, ಸಾಗಿಸಬಹುದು. ಅಮೆರಿಕದ ವರ್ಜೀನಿಯಾದ ಸರ್ರಿ ಸ್ಥಾವರದಲ್ಲಿ 1986ರಿಂದ ಈ ಪದ್ಧತಿ ಇದೆ. ಇವತ್ತು ಹೆಚ್ಚು ಬಳಕೆಯಲ್ಲಿರುವ ಬಗೆಯಲ್ಲಿ ಬೆಸುಗೆ ಹಾಕಿ ಮುಚ್ಚಿದ ಉಕ್ಕಿನ ಡಬ್ಬಿ ಇರುತ್ತದೆ, ಒಳಗೆ ಹೀಲಿಯಂ, ಸುತ್ತ ದಪ್ಪ ಕಾಂಕ್ರೀಟು. ಕೆಳಗಿನ ಕಿಂಡಿಯಿಂದ ತಣ್ಣನೆ ಗಾಳಿ ಬಂದು ಬಿಸಿಯಾಗಿ ಮೇಲಿನ ಕಿಂಡಿಯಿಂದ ಹೋಗುತ್ತದೆ. ಪಂಪಿಲ್ಲ, ಮೋಟರಿಲ್ಲ. ಇಲ್ಲಿ ಗಮನವಿಡುವ ಜಾಗ ಬೆಸುಗೆ. ಸಮುದ್ರತೀರದಲ್ಲಿ ಉಪ್ಪು ಗಾಳಿ ಬೆಸುಗೆಯ ಹತ್ತಿರ ಕೂತು, ತೇವ ಹಿಡಿದು, ನಿಧಾನವಾಗಿ ಸ್ಟೇನ್‌ಲೆಸ್ ಉಕ್ಕನ್ನು ಬಿರುಕು ಬಿಡಿಸಬಹುದು. ಅದಕ್ಕೇ ಕಿಂಡಿಯೊಳಗೆ ಪುಟ್ಟ ಕ್ಯಾಮೆರಾ ಹೊತ್ತ ಯಂತ್ರ ಬಿಟ್ಟು ತಪಾಸಣೆ ಮಾಡುತ್ತಾರೆ.

ಕೊಳ, ಕಾಸ್ಕ್ ಎರಡೂ ಇಟ್ಟುಕೊಳ್ಳುವ ವಿಧಾನಗಳು. ವಿಲೇವಾರಿ ಬೇರೆ. ಈ ವ್ಯತ್ಯಾಸ ವರದಿಯಲ್ಲಿ ಎದ್ದು ಕಾಣಬೇಕು. ಇಟ್ಟುಕೊಳ್ಳುವುದಕ್ಕೆ ಯಾರಾದರೂ ನೋಡಿಕೊಳ್ಳುತ್ತಿರಬೇಕು. ವಿಲೇವಾರಿ ಅಂದರೆ ಯಾರೂ ನೋಡಿಕೊಳ್ಳದಿದ್ದರೂ ಸುರಕ್ಷಿತವಾಗಿರುವಂತೆ ಮಾಡುವುದು. ಕಾಸ್ಕ್ ದಶಕಗಳಿಂದ ಚೆನ್ನಾಗಿ ನಡೆದಿದೆ ಅನ್ನೋದು ನಿಜ. ಆದ್ದರಿಂದ ತ್ಯಾಜ್ಯದ ಸಮಸ್ಯೆ ಬಗೆಹರಿದಿದೆ ಅನ್ನೋದು ಅದರಿಂದ ಹೊರಡುವ ತೀರ್ಮಾನ ಅಲ್ಲ.

ಇಂಧನವನ್ನು ಕರಗಿಸಿ ಪ್ಲುಟೋನಿಯಂ, ಯುರೇನಿಯಂ ಬೇರ್ಪಡಿಸಿದರೆ ತ್ಯಾಜ್ಯ ಮುಗಿಯಿತು ಅಂತಲೂ ಕೆಲವರು ಬರೆಯುತ್ತಾರೆ. ಉಳಿಯುವ ದ್ರವದಲ್ಲಿ ವಿಕಿರಣದ ಬಹುಪಾಲು ಹಾಗೇ ಇರುತ್ತದೆ. ಅದನ್ನು ಬೋರೋಸಿಲಿಕೇಟ್ ಗಾಜಿನಲ್ಲಿ ಬೆರೆಸಿ, ಸ್ಟೇನ್‌ಲೆಸ್ ಡಬ್ಬಿಗೆ ಸುರಿದು ಗಟ್ಟಿ ಮಾಡುತ್ತಾರೆ. ಗಾಜಾಗುವ ತನಕದ ದ್ರವರೂಪವೇ ಈ ಇಡೀ ಕಥೆಯ ಅತಿ ಕೆಟ್ಟ ಹಂತ. 1957ರ ಸೆಪ್ಟೆಂಬರ್ 29ರಂದು ಸೋವಿಯತ್ ಒಕ್ಕೂಟದ ಮಾಯಾಕ್‌ನಲ್ಲಿ ಇಂಥ ದ್ರವದ ತೊಟ್ಟಿಯ ತಂಪು ವ್ಯವಸ್ಥೆ ಕೆಟ್ಟಿತು. ನೀರು ಆವಿಯಾಯಿತು, ಉಳಿದ ನೈಟ್ರೇಟ್-ಅಸಿಟೇಟ್ ಉಪ್ಪು ಬಿಸಿಯೇರಿ ಸ್ಫೋಟಿಸಿತು. ಸುತ್ತಲಿನ ಊರುಗಳನ್ನು ಖಾಲಿ ಮಾಡಿಸಬೇಕಾಯಿತು. ಅಮೆರಿಕದ ಹ್ಯಾನ್‌ಫರ್ಡ್‌ನಲ್ಲಿ ಇವತ್ತಿಗೂ 177 ಭೂಗತ ತೊಟ್ಟಿಗಳಿವೆ, ಹಲವು ಸೋರಿವೆ. ಎರಡೂ ಬಾಂಬಿನ ಪ್ಲುಟೋನಿಯಂ ಮಾಡುವಾಗ ಹುಟ್ಟಿದ ತ್ಯಾಜ್ಯ ಅನ್ನೋದನ್ನು ಬರೆಯಿರಿ. ಇದು ವಿದ್ಯುತ್ ಸ್ಥಾವರದ್ದು ಅಂತ ಓದುಗರು ತಿಳಿದುಕೊಂಡರೆ ವರದಿ ಒಂದು ಕಡೆಗೆ ವಾಲಿದ ಹಾಗೆ.

ಈಗ ಆಳದ ವಿಲೇವಾರಿ. ಇದಕ್ಕೆ ಒಂದೇ ಜಾಗವನ್ನು ಹಿಡಿದು ವಿವರವಾಗಿ ಬರೆಯಿರಿ, ಹತ್ತು ದೇಶದ ಯೋಜನೆ ಹೆಸರಿಸಬೇಡಿ. ನಾನು ಆರಿಸುವುದು ಫಿನ್ಲೆಂಡಿನ ಓಂಕಾಲೊ. ಒಲ್ಕಿಲುವೊಟೊ ದ್ವೀಪದಲ್ಲಿ ಸುಮಾರು 190 ಕೋಟಿ ವರ್ಷ ಹಳೆಯ ಬಂಡೆ, ಅದರೊಳಗೆ ನಾನೂರು ಮೀಟರಿಗೂ ಹೆಚ್ಚು ಆಳ. ಬಳಸಿದ ಇಂಧನವನ್ನು ಎರಕದ ಕಬ್ಬಿಣದ ಚೌಕಟ್ಟಿನಲ್ಲಿ ಕೂರಿಸಿ, ಸುತ್ತ ಐದು ಸೆಂಟಿಮೀಟರ್ ದಪ್ಪದ ತಾಮ್ರದ ಕವಚ ಹಾಕುತ್ತಾರೆ. ಕಬ್ಬಿಣ ಭಾರ ತಡೆಯಲು, ತಾಮ್ರ ತುಕ್ಕು ತಡೆಯಲು. ಕೊಳವೆಯಾಕಾರದ ಈ ಕ್ಯಾನಿಸ್ಟರನ್ನು ಬಂಡೆಯಲ್ಲಿ ಕೊರೆದ ಗುಂಡಿಗೆ ಇಳಿಸಿ ಸುತ್ತಲೂ ಬೆಂಟೋನೈಟ್ ಜೇಡಿಯ ಅಚ್ಚುಗಳನ್ನು ಜೋಡಿಸುತ್ತಾರೆ. ಜೇಡಿ ನೀರು ಕುಡಿದು ಉಬ್ಬಿ ಸಂದುಗಳನ್ನೆಲ್ಲ ಮುಚ್ಚುತ್ತದೆ. ಆಮೇಲೆ ಅಲ್ಲಿ ನೀರು ಹರಿಯುವುದು ನಿಂತು, ಏನೇ ಚಲಿಸಿದರೂ ಅಣು ಅಣುವಾಗಿ ಹಬ್ಬುವುದಷ್ಟೇ ಉಳಿಯುತ್ತದೆ.

ಶಾಖದ ಮಾತು ಇಲ್ಲಿ ಮತ್ತೆ ಬರುತ್ತದೆ. ಜೇಡಿ ನೂರು ಡಿಗ್ರಿ ದಾಟಿ ಬಿಸಿಯಾದರೆ ಅದರ ಉಬ್ಬುವ ಗುಣ ಕೆಡಬಹುದು ಅಂತ ಮಿತಿ ಹಾಕಿಕೊಂಡಿದ್ದಾರೆ. ಹಾಗಾಗಿ ಒಂದು ಕ್ಯಾನಿಸ್ಟರಿನ ಶಾಖ ಸುಮಾರು 1,700 ವ್ಯಾಟ್ ಮೀರಬಾರದು. ಅದಕ್ಕಾಗಿ ಇಂಧನವನ್ನು ಮೊದಲು ದಶಕಗಟ್ಟಲೆ ತಣಿಸಬೇಕು, ಗುಂಡಿಗಳ ನಡುವೆ ಹಲವು ಮೀಟರ್ ಅಂತರ ಬಿಡಬೇಕು. "ಅಮೆರಿಕದ ಬಳಸಿದ ಇಂಧನವೆಲ್ಲ ಒಂದು ಫುಟ್‌ಬಾಲ್ ಮೈದಾನದಲ್ಲಿ ಹತ್ತು ಗಜ ಎತ್ತರಕ್ಕಿಂತ ಕಡಿಮೆ" ಅನ್ನೋ ಮಾತನ್ನು ನೀವು ಓದಿರುತ್ತೀರಿ. ಗಾತ್ರದ ಲೆಕ್ಕವಾಗಿ ಅದು ಸರಿ. ಆದರೆ ಹಾಗೆ ಒಟ್ಟೊಟ್ಟಿಗೆ ಪೇರಿಸಲು ಶಾಖ ಬಿಡುವುದಿಲ್ಲ. ಭೂಗತ ಜಾಗ ಎಷ್ಟು ಅಗಲ ಬೇಕು ಅನ್ನೋದನ್ನು ತೀರ್ಮಾನಿಸುವುದು ತ್ಯಾಜ್ಯದ ಗಾತ್ರಕ್ಕಿಂತ ಅದರ ಬಿಸಿ.

ಇನ್ನು ನಿಜವಾದ ದೀರ್ಘಕಾಲ. ಸಾವಿರಾರು ವರ್ಷದ ಮೇಲೆ ಒಂದು ಕ್ಯಾನಿಸ್ಟರ್ ತೂತಾಯಿತು ಅಂತಿಟ್ಟುಕೊಳ್ಳಿ. ಸೀಸಿಯಂ-137, ಸ್ಟ್ರಾನ್ಷಿಯಂ-90 ಅಷ್ಟರಲ್ಲಿ ಎಂದೋ ಮುಗಿದಿರುತ್ತವೆ. ಪ್ಲುಟೋನಿಯಂ ಉಳಿದಿರುತ್ತದೆ. ಎಲ್ಲರೂ ಹೆದರುವುದು ಅದಕ್ಕೇ, ಅಲ್ವಾ? ಆದರೆ ಆ ಆಳದ ನೀರಿನಲ್ಲಿ ಆಮ್ಲಜನಕ ಇರುವುದಿಲ್ಲ. ಅಂಥ ನೀರಿನಲ್ಲಿ ಪ್ಲುಟೋನಿಯಂ ಕರಗುವುದೇ ಬಹಳ ಕಡಿಮೆ, ಕರಗಿದ್ದೂ ಜೇಡಿಗೆ, ಬಂಡೆಗೆ ಅಂಟಿಕೊಳ್ಳುತ್ತದೆ. ಹೊರಗೆ ಬರುವುದರಲ್ಲಿ ಮುಂದಿರುವುದು ಅಯೋಡಿನ್-129, ಕ್ಲೋರಿನ್-36 ಇಂಥವು. ಇವು ನೀರಿನಲ್ಲಿ ಋಣ ವಿದ್ಯುತ್ ಹೊತ್ತು ತೇಲುತ್ತವೆ. ಜೇಡಿಯ ಮೇಲ್ಮೈಯೂ ಋಣವೇ, ಹಾಗಾಗಿ ಇವು ಅಂಟುವುದಿಲ್ಲ. ಜೊತೆಗೆ ಅಯೋಡಿನ್‌ನ ಸ್ವಲ್ಪ ಭಾಗ ಇಂಧನ ಗುಳಿಗೆಯ ಬಿರುಕುಗಳಲ್ಲಿ, ಹೊದಿಕೆಯ ಸಂದಿನಲ್ಲಿ ಮೊದಲೇ ಬಂದು ಕೂತಿರುತ್ತದೆ. ನೀರು ತಾಗಿದ ಕೂಡಲೇ ಬಿಟ್ಟುಕೊಳ್ಳುತ್ತದೆ. ಅದರ ಅರ್ಧಾಯು ಒಂದೂವರೆ ಕೋಟಿ ವರ್ಷಕ್ಕಿಂತ ಹೆಚ್ಚು. ಅದೇ ಕಾರಣಕ್ಕೆ ಗ್ರಾಮಿಗೆ ಅದು ಸೂಸುವುದೂ ಬಹಳ ಕಡಿಮೆ.

ಗ್ಯಾಬನ್‌ನ ಓಕ್ಲೊದಲ್ಲಿ 1972ರಲ್ಲಿ ಸಿಕ್ಕ ಸಾಕ್ಷ್ಯವೂ ಇದನ್ನೇ ಹೇಳುತ್ತದೆ. ಸುಮಾರು 200 ಕೋಟಿ ವರ್ಷದ ಹಿಂದೆ ಅಲ್ಲಿನ ಯುರೇನಿಯಂ ಅದಿರಿನಲ್ಲಿ ತಾನಾಗಿಯೇ ಸರಣಿ ಕ್ರಿಯೆ ನಡೆದಿತ್ತು. ಹುಟ್ಟಿದ ಪ್ಲುಟೋನಿಯಂ ಹುಟ್ಟಿದ ಜಾಗದಲ್ಲೇ ಕ್ಷಯಿಸಿದೆ. ಅಯೋಡಿನ್, ಸೀಸಿಯಂ, ಜಡ ಅನಿಲಗಳು ಮಾತ್ರ ಬಹುಪಾಲು ಹೊರಟುಹೋಗಿವೆ. ಓಕ್ಲೊವನ್ನು "ನೋಡಿ, ಎಲ್ಲ ಅಲ್ಲೇ ಉಳಿಯಿತು" ಅಂತ ಬರೆಯುವವರು ಕಥೆಯ ಅರ್ಧ ಮಾತ್ರ ಹೇಳುತ್ತಿದ್ದಾರೆ.

ಇಷ್ಟಾದ ಮೇಲೆ ಡೋಸ್ ಎಷ್ಟು? ಫಿನ್ಲೆಂಡಿನ ನಿಯಮದ ಪ್ರಕಾರ ಮೊದಲ ಕೆಲವು ಸಾವಿರ ವರ್ಷಗಳಲ್ಲಿ ಅತಿ ಹೆಚ್ಚು ಒಡ್ಡಿಕೊಂಡ ವ್ಯಕ್ತಿಗೂ ವರ್ಷಕ್ಕೆ 0.1 ಮಿಲಿಸೀವರ್ಟ್ ಮೀರಬಾರದು. ಜಗತ್ತಿನ ಜನರಿಗೆ ಮಣ್ಣು, ಬಂಡೆ, ಆಕಾಶದಿಂದ ಸಹಜವಾಗಿ ಬರುವುದು ಸರಾಸರಿ 2.4 ಮಿಲಿಸೀವರ್ಟ್. ಅದಕ್ಕೂ ಆಚೆ ನಿಯಮ ಡೋಸಿನ ಮಾತು ಬಿಟ್ಟು, ಬಂಡೆಯಿಂದ ಹೊರಬೀಳುವ ಪ್ರಮಾಣಕ್ಕೆ ಮಿತಿ ಹಾಕುತ್ತದೆ. ಅದು ಪ್ರಾಮಾಣಿಕ ನಡೆ ಅಂತ ನನಗನ್ನಿಸುತ್ತದೆ. ಐವತ್ತು ಸಾವಿರ ವರ್ಷದ ಮೇಲೆ ಅಲ್ಲಿ ಯಾರು ಇರುತ್ತಾರೆ, ಯಾವ ಬಾವಿಯ ನೀರು ಕುಡಿಯುತ್ತಾರೆ ಅಂತ ಯಾರಿಗೆ ಗೊತ್ತು?

ತಕರಾರುಗಳನ್ನೂ ಬರೆಯಬೇಕು, ಅದೂ ಸರಿಯಾದ ತಕರಾರುಗಳನ್ನು. ಇಂಥದೇ ವಿನ್ಯಾಸ ಬಳಸುವ ಸ್ವೀಡನ್ನಿನಲ್ಲಿ ತಾಮ್ರದ ಮೇಲೆಯೇ ದೊಡ್ಡ ವಾದ ನಡೆಯಿತು. ಆಮ್ಲಜನಕವಿಲ್ಲದ ನೀರಿನಲ್ಲಿ ತಾಮ್ರ ಬಾಳುತ್ತದೆ ಅನ್ನೋದು ವಿನ್ಯಾಸದ ನಂಬಿಕೆ. ಶುದ್ಧ ನೀರಿನಲ್ಲೂ ಅದು ಸವೆಯುತ್ತದೆ ಅಂತ ಕೆಲವು ತುಕ್ಕು ತಜ್ಞರು ಪ್ರಯೋಗ ತೋರಿಸಿದರು, ಇತರರು ಅದನ್ನು ಒಪ್ಪಲಿಲ್ಲ. ಭೂಜಲದಲ್ಲಿನ ಸಲ್ಫೈಡ್ ತಾಮ್ರವನ್ನು ತಿನ್ನುತ್ತದೆ ಅನ್ನೋದರಲ್ಲಿ ಮಾತ್ರ ವಿವಾದವಿಲ್ಲ, ಎಷ್ಟು ವೇಗವಾಗಿ ಅನ್ನೋದಷ್ಟೇ ಪ್ರಶ್ನೆ. 2018ರ ಜನವರಿಯಲ್ಲಿ ಅಲ್ಲಿನ ಪರಿಸರ ನ್ಯಾಯಾಲಯ, ತಾಮ್ರದ ಬಗ್ಗೆ ಇನ್ನಷ್ಟು ಆಧಾರ ಬೇಕು ಅಂತ ಸರ್ಕಾರಕ್ಕೆ ಹೇಳಿತು. ಹೆಚ್ಚಿನ ಅಧ್ಯಯನ ಸಲ್ಲಿಸಿದ ಮೇಲೆ 2022ರ ಜನವರಿಯಲ್ಲಿ ಸರ್ಕಾರ ಒಪ್ಪಿಗೆ ಕೊಟ್ಟಿತು. ಹಿಮಯುಗ ಇನ್ನೊಂದು. ಹಿಮದ ಹಾಸು ಕರಗುವಾಗ ಉಪ್ಪಿಲ್ಲದ ನೀರು ಆಳಕ್ಕಿಳಿದರೆ ಜೇಡಿ ಕೊಚ್ಚಿಹೋಗಬಹುದು. ಹಿಮದ ಭಾರ ಇಳಿದಾಗ ಭೂಕಂಪವಾಗಿ ಬಂಡೆ ಜಾರಬಹುದು. ಕ್ಯಾನಿಸ್ಟರನ್ನು ಐದು ಸೆಂಟಿಮೀಟರ್ ಜಾರುವಿಕೆ ತಡೆಯುವಂತೆ ಮಾಡಿ, ದೊಡ್ಡ ಬಿರುಕು ಹಾದುಹೋಗುವ ಗುಂಡಿಗಳನ್ನು ಕೈಬಿಡುವುದು ಅದಕ್ಕೇ.

ಇದು ಲೆಕ್ಕದ ಅಪಾಯ. ನಿಜವಾಗಿ ಆದದ್ದು ಏನು ಅಂತಲೂ ನೋಡೋಣ. ವರದಿಯ ಜೀವ ಇಲ್ಲಿರಬೇಕು ಅಂತ ನನ್ನ ಅಭಿಪ್ರಾಯ.

ಅಮೆರಿಕದ ನ್ಯೂ ಮೆಕ್ಸಿಕೊದಲ್ಲಿ ವಿಪ್ ಅನ್ನೋ ಭೂಗತ ಜಾಗವಿದೆ. 655 ಮೀಟರ್ ಆಳದ ಉಪ್ಪಿನ ಪದರದಲ್ಲಿ, 1999ರಿಂದ, ಬಾಂಬ್ ಕಾರ್ಯಕ್ರಮದ ಪ್ಲುಟೋನಿಯಂ ಸೋಂಕಿದ ತ್ಯಾಜ್ಯ ಇಡುತ್ತಾರೆ. ಉಪ್ಪು ಒಳ್ಳೆಯ ಆಯ್ಕೆ. ಅದು ಒತ್ತಡದಲ್ಲಿ ನಿಧಾನವಾಗಿ ಹರಿದು ಖಾಲಿ ಜಾಗವನ್ನು ತಾನೇ ಮುಚ್ಚುತ್ತದೆ. ಹತ್ತು ಸಾವಿರ ವರ್ಷಕ್ಕೆ ಲೆಕ್ಕ ಹಾಕಿ ಕಟ್ಟಿದ್ದು. ಹದಿನೈದನೇ ವರ್ಷಕ್ಕೆ ಸೋರಿತು.

ಕಾರಣ ಒಂದು ಡ್ರಮ್, ಸಂಖ್ಯೆ 68660. ಲಾಸ್ ಅಲಾಮೋಸ್ ಪ್ರಯೋಗಾಲಯದಲ್ಲಿ ಅದಕ್ಕೆ ನೈಟ್ರೇಟ್ ಉಪ್ಪಿನ ತ್ಯಾಜ್ಯ ತುಂಬಿದ್ದರು. ಡ್ರಮ್ಮಿನಲ್ಲಿ ದ್ರವ ಉಳಿಯಬಾರದು, ಆದ್ದರಿಂದ ಹೀರುವ ಪುಡಿ ಬೆರೆಸುವುದು ರೂಢಿ. ಖನಿಜದ ಪುಡಿ ಹಾಕಬೇಕಿದ್ದ ಕಡೆ ಗೋಧಿಯಿಂದ ಮಾಡಿದ, ಬೆಕ್ಕಿನ ಮಲದ ತಟ್ಟೆಗೆ ಹಾಕುವ ಪುಡಿ ಹಾಕಿದರು. ಕೆಲಸದ ಸೂಚನಾಪತ್ರದಲ್ಲೇ ಸಾವಯವ ಪುಡಿ ಅಂತ ಬರೆದುಬಿಟ್ಟಿತ್ತು. ನೈಟ್ರೇಟ್ ಆಮ್ಲಜನಕ ಕೊಡುವ ವಸ್ತು, ಗೋಧಿ ಉರಿಯುವ ವಸ್ತು. ಎರಡನ್ನೂ ಬೆರೆಸಿ ಮುಚ್ಚಿಟ್ಟರೆ ಒಳಗೊಳಗೇ ಬಿಸಿಯೇರುತ್ತದೆ. 2014ರ ಫೆಬ್ರವರಿ 14ರ ರಾತ್ರಿ ಮುಚ್ಚಳ ಕಿತ್ತುಕೊಂಡು ಪ್ಲುಟೋನಿಯಂ, ಅಮೆರಿಸಿಯಂ ಬೆರೆತ ದೂಳು ಹೊರಬಂತು. ಗಾಳಿಯನ್ನು ಸದಾ ಅಳೆಯುವ ಒಂದು ಮಾಪಕ ಕೂಗಿಕೊಂಡಿತು, ಗಾಳಿ ಹರಿವು ಫಿಲ್ಟರಿನ ಕಡೆಗೆ ತಿರುಗಿತು. ತಡೆಬಾಗಿಲುಗಳ ಸಂದಿನಲ್ಲಿ ಸ್ವಲ್ಪ ತಪ್ಪಿಸಿಕೊಂಡು ಮೇಲಕ್ಕೂ ಹೋಯಿತು. ಇಪ್ಪತ್ತಕ್ಕೂ ಹೆಚ್ಚು ಕೆಲಸಗಾರರ ದೇಹಕ್ಕೆ ಅಲ್ಪ ಪ್ರಮಾಣ ಸೇರಿತು. ಜಾಗ ಸುಮಾರು ಮೂರು ವರ್ಷ ಮುಚ್ಚಿತ್ತು, 2017ರ ಜನವರಿಯಲ್ಲಿ ಮತ್ತೆ ಕೆಲಸ ಶುರುವಾಯಿತು. ಅದೇ ಪುಡಿ ಹಾಕಿದ ನೂರಾರು ಡ್ರಮ್ಮುಗಳು ಇದ್ದವು ಅನ್ನೋದನ್ನು ಮರೆಯಬೇಡಿ. ಬಂಡೆಯದಾಗಲಿ ಉಪ್ಪಿನದಾಗಲಿ ಇದರಲ್ಲಿ ತಪ್ಪಿಲ್ಲ. ತುಂಬುವ ಕೋಣೆಯಲ್ಲಿ ರಸಾಯನಶಾಸ್ತ್ರ ತಿಳಿದವರೊಬ್ಬರು ಆ ಹಾಳೆಯನ್ನು ಓದಿದ್ದರೆ ಸಾಕಿತ್ತು.

ಜರ್ಮನಿಯ ಆಸ್ಸೆ ಬೇರೆ ರೀತಿಯ ಪಾಠ. ಅಲ್ಲಿಯೂ ಉಪ್ಪು, ಆದರೆ ಅದು ದಶಕಗಟ್ಟಲೆ ಗಣಿಗಾರಿಕೆ ನಡೆದ ಹಳೆಯ ಗಣಿ. 1967ರಿಂದ 1978ರವರೆಗೆ ಸುಮಾರು 1,26,000 ಡ್ರಮ್ ಕೆಳಮಟ್ಟದ ಮತ್ತು ಮಧ್ಯಮಮಟ್ಟದ ತ್ಯಾಜ್ಯ ಅಲ್ಲಿಗೆ ಹೋಯಿತು. ಗಣಿಯ ಕೋಣೆಗಳು ಉಪ್ಪಿನ ಅಂಚಿಗೆ ತೀರ ಹತ್ತಿರದವರೆಗೂ ತೋಡಿದ್ದವು, ಎಷ್ಟೋ ಕಾಲ ಖಾಲಿ ಬಿದ್ದಿದ್ದವು. ಉಪ್ಪು ಒಳಕ್ಕೆ ವಾಲಿತು, ಪಕ್ಕದ ಬಂಡೆ ಬಿರುಕು ಬಿಟ್ಟಿತು, ನೀರು ದಾರಿ ಮಾಡಿಕೊಂಡಿತು. 1988ರಿಂದ ದಿನಕ್ಕೆ ಸುಮಾರು ಹನ್ನೆರಡು ಘನ ಮೀಟರ್ ಉಪ್ಪುನೀರು ಒಳಬರುತ್ತಿದೆ. 2013ರಲ್ಲಿ ಎಲ್ಲವನ್ನೂ ಹೊರತೆಗೆಯಬೇಕು ಅಂತ ಕಾನೂನೇ ಆಯಿತು. ಹಾಳಾದ ಡ್ರಮ್ಮುಗಳನ್ನು ಕುಸಿಯುತ್ತಿರುವ ಗಣಿಯಿಂದ ತೆಗೆಯುವುದು ಇಡುವುದಕ್ಕಿಂತ ಎಷ್ಟೋ ಕಷ್ಟ. ಇಲ್ಲಿ ಪ್ಯಾಕಿಂಗ್ ಒಂದೇ ದೋಷಿಯಲ್ಲ. ಮೊದಲೇ ಸಿಕ್ಕಿದ ತೂತನ್ನು ವಿಲೇವಾರಿ ಜಾಗ ಅಂತ ಕರೆದದ್ದೇ ದೋಷ. ಓಂಕಾಲೊದಲ್ಲಿ ಮೊದಲು ಬಂಡೆಯನ್ನು ಓದಿ ಆಮೇಲೆ ತೋಡಿದರು. ಆಸ್ಸೆಯಲ್ಲಿ ಅದು ಹಿಂದುಮುಂದಾಯಿತು.

ಹಾಗಾಗಿ ನಿಮ್ಮ ವರದಿಯಲ್ಲಿ ಎರಡು ಕಾಲಮಾನಗಳನ್ನು ಬೇರೆ ಬೇರೆ ಇಡಿ. ಇಲ್ಲಿಯವರೆಗೆ ಕಂಡ ಹಾನಿಯೆಲ್ಲ ಮೊದಲ ಕೆಲವು ದಶಕಗಳದು: ತೊಟ್ಟಿ, ಡ್ರಮ್, ಗಣಿ, ಬರೆದ ಹಾಳೆ. ಇವು ಆದ ಸಂಗತಿಗಳು, ತೂಕ ಹಾಕಬಹುದು. ಸಾವಿರಾರು ವರ್ಷದ ಅಪಾಯ ಮಾದರಿಗಳಿಂದ ಲೆಕ್ಕ ಹಾಕಿದ್ದು. ಅದಕ್ಕೆ ಊಹೆಗಳ ಜೊತೆಗೇ ಅಂಕಿ ಕೊಡಬೇಕು. "ಏನೂ ಭಯವಿಲ್ಲ" ಅನ್ನೋರು ಎರಡನೆಯದರ ಸಣ್ಣ ಡೋಸ್ ತೋರಿಸಿ ಮೊದಲನೆಯದನ್ನು ಮುಚ್ಚುತ್ತಾರೆ. "ಲಕ್ಷ ವರ್ಷ ವಿಷ" ಅನ್ನೋರು ಮೊದಲನೆಯದರ ಸೋರಿಕೆ ತೋರಿಸಿ ಎರಡನೆಯದೂ ಹಾಗೇ ಅಂತಾರೆ. ಲಕ್ಷ ವರ್ಷದ ಮಾತು ಸುಳ್ಳೇನೂ ಅಲ್ಲ. ಬಳಸಿದ ಇಂಧನದ ವಿಷತ್ವ ಅದು ಹುಟ್ಟಿದ ಯುರೇನಿಯಂ ಅದಿರಿನ ಮಟ್ಟಕ್ಕೆ ಇಳಿಯಲು ಲಕ್ಷ ವರ್ಷಕ್ಕೂ ಮೇಲೆ ಬೇಕು. ಆದರೆ ಅದು ನುಂಗಿದರೆ ಏನಾಗುತ್ತದೆ ಅನ್ನೋದರ ಅಳತೆ. ನುಂಗುವವರ ತನಕ ತಲುಪುತ್ತದೆಯೇ ಅನ್ನೋದು ಬೇರೆ ಪ್ರಶ್ನೆ.

ತಲುಪುವ ಒಂದು ದಾರಿಯನ್ನು ಮಾತ್ರ ಯಾವ ತಡೆಗೋಡೆಯೂ ಪೂರ್ತಿ ಮುಚ್ಚಲಾರದು: ಮುಂದೆ ಯಾರೋ ತಿಳಿಯದೆ ಕೊರೆಯುವುದು. ವಿಪ್ ಇರುವ ಪ್ರದೇಶದಲ್ಲಿ ತೈಲ, ಅನಿಲ, ಪೊಟಾಷ್ ಇದೆ. ಹಾಗಾಗಿ ಸಾವಿರಾರು ವರ್ಷ ನಿಲ್ಲುವ ಎಚ್ಚರಿಕೆ ಗುರುತುಗಳ ಯೋಜನೆ ಮಾಡಿದ್ದಾರೆ. ಫಿನ್ಲೆಂಡಿನವರು ಯಾರೂ ಆಸೆಪಡುವ ಅದಿರು ಇಲ್ಲದ ಬಂಡೆಯನ್ನೇ ಆರಿಸಿದರು. ಎರಡರಲ್ಲಿ ಎರಡನೆಯದು ಹೆಚ್ಚು ಗಟ್ಟಿ ಅಂತ ನನ್ನ ಲೆಕ್ಕ.

ಸೆಮಿನಾರಿನಲ್ಲಿ "ಹಾಗಾದ್ರೆ ಇಷ್ಟು ಹೊತ್ತಿಗೆ ಎಷ್ಟು ಹೂಳಿದ್ದಾರೆ?" ಅಂತ ಯಾರಾದರೂ ಕೇಳಿಯೇ ಕೇಳುತ್ತಾರೆ. ಉತ್ತರ ಸಿದ್ಧವಿಟ್ಟುಕೊಳ್ಳಿ. ಮೊದಲ ಪರಮಾಣು ವಿದ್ಯುತ್ ಸ್ಥಾವರ ಶುರುವಾದದ್ದು 1954ರಲ್ಲಿ. ಅಲ್ಲಿಂದೀಚೆಗೆ ಜಗತ್ತಿನ ರಿಯಾಕ್ಟರುಗಳಿಂದ ಸುಮಾರು ನಾಲ್ಕು ಲಕ್ಷ ಟನ್ ಬಳಸಿದ ಇಂಧನ ಹೊರಬಂದಿದೆ, ಅದರಲ್ಲಿ ಮೂರನೇ ಒಂದು ಪಾಲನ್ನು ಸಂಸ್ಕರಿಸಿದ್ದಾರೆ. ಉಳಿದದ್ದು ಕೊಳದಲ್ಲಿ, ಕಾಸ್ಕಿನಲ್ಲಿ. ಬಳಸಿದ ಇಂಧನದ ಆಳದ ವಿಲೇವಾರಿಯಲ್ಲಿ ಎಲ್ಲರಿಗಿಂತ ಮುಂದಿರುವ ಓಂಕಾಲೊದಲ್ಲಿ 2024ರಲ್ಲಿ ಪ್ರಾಯೋಗಿಕ ಚಾಲನೆ ಶುರುವಾಯಿತು, ಅದೂ ವಿಕಿರಣವಿಲ್ಲದ ಅಣಕು ಇಂಧನ ಇಟ್ಟುಕೊಂಡು. ವರದಿ ಸಲ್ಲಿಸುವ ಹಿಂದಿನ ದಿನ ಅಲ್ಲಿನ ಸ್ಥಿತಿ ಮತ್ತೊಮ್ಮೆ ನೋಡಿ, ತಾರೀಖು ಹಾಕಿ ಬರೆಯಿರಿ.